ಲೋವರ್ ಸರ್ಕ್ಯೂಟ್‌ನಲ್ಲಿ ಸ್ಟಾಪ್ ಲಾಸ್ ಇದ್ದೂ ಸಿಕ್ಕಿಹಾಕಿಕೊಂಡೆ, ಮುಂದೆ ಎಷ್ಟು ಷೇರು ತಗೋಬೇಕು?

ಪ್ರಶ್ನೆ (ಸಿರಾ ಗೇಟ್, ತುಮಕೂರು): ಸಾರ್, ಒಂದು ಸಣ್ಣ ಕಂಪನಿ ಷೇರು 80 ರೂಪಾಯಿಯಂತೆ 2,500 ತಗೊಂಡಿದ್ದೆ. ನನ್ನ ಬಂಡವಾಳ 4 ಲಕ್ಷ, ಹೋದರೆ 4,000 ಹೋಗಲಿ ಅಂತ ಟ್ರಿಗರ್ 78.40, ಲಿಮಿಟ್ 78 ಇಟ್ಟೆ. ರಿಸಲ್ಟ್ ಬಂದ ಮಾರನೇ ದಿನ ನೇರ 76ಕ್ಕೆ ಓಪನ್ ಆಗಿ ಲಾಕ್ ಆಯ್ತು. ಸ್ಟಾಪ್ ಟ್ರಿಗರ್ ಆದರೂ ಒಂದು ಷೇರೂ ಮಾರಾಟ ಆಗಲಿಲ್ಲ. ಐದನೇ ದಿನ 62ರ ಆಸುಪಾಸು ಹೊರಗೆ ಬಂದೆ, 45,000 ಹೋಯ್ತು. ಸ್ಟಾಪ್ ಇದ್ದೂ ಯಾಕೆ ಹೀಗೆ? ಮುಂದೆ ಎಷ್ಟು ತಗೋಬೇಕು?

ಉತ್ತರ (ಬ್ರೋಕರ್ ಆಫೀಸ್ ಡೀಲರ್, ಬಿ.ಎಚ್. ರಸ್ತೆ): ಸ್ಟಾಪ್ ಲಾಸ್ ಅಂದರೆ ಮಾರಾಟದ ಗ್ಯಾರಂಟಿ ಅಲ್ಲ ಸಾರ್. ಬೆಲೆ ಟ್ರಿಗರ್ ಮುಟ್ಟುವ ತನಕ ಅದು ಸುಮ್ನೆ ಪಕ್ಕದಲ್ಲಿ ಕೂತಿರುತ್ತೆ, ಮುಟ್ಟಿದ ಮೇಲೆ ಸಾಮಾನ್ಯ ಮಾರಾಟದ ಆರ್ಡರ್ ಆಗಿ ಕ್ಯೂ ಸೇರುತ್ತೆ, ಅಷ್ಟೇ. ನಿಮ್ಮ ಷೇರಿನ ಬ್ಯಾಂಡ್ 5 ಪರ್ಸೆಂಟ್, ಹಿಂದಿನ ಕ್ಲೋಸ್ 80, ಹಾಗಾಗಿ ಆ ದಿನ 76ಕ್ಕಿಂತ ಕೆಳಗೆ ಯಾರೂ ಆರ್ಡರ್ ಹಾಕೋಕೇ ಆಗಲ್ಲ, ಹಾಕಿದರೆ ರಿಜೆಕ್ಟ್. ಕೆಟ್ಟ ಸುದ್ದಿ ಬಂದಾಗ ಷೇರಿನ ನಿಜವಾದ ಬೆಲೆ 60 ಅಂತ ಎಲ್ಲರಿಗೂ ಅನ್ನಿಸಿದ್ದರೆ, 76 ಕೊಟ್ಟು ಯಾರು ತಗೋತಾರೆ? ಕೊಳ್ಳುವ ಕಡೆ ಖಾಲಿ, ಮಾರುವ ಕಡೆ 76ರಲ್ಲೇ ಸಾವಿರಾರು ಷೇರು ಸಾಲಾಗಿ ನಿಂತಿರುತ್ತೆ. ನಿಮ್ಮ ಆರ್ಡರ್ 78ರ ಲಿಮಿಟ್ ಇದ್ದದ್ದರಿಂದ ಆ ಸಾಲಿನಲ್ಲೂ ಇರಲಿಲ್ಲ, ಅದರ ಮೇಲೆ ಎಲ್ಲೋ ನೇತಾಡ್ತಿತ್ತು. ಮಾರನೇ ದಿನ ಹೊಸ ಬ್ಯಾಂಡ್ 76ರಿಂದ ಲೆಕ್ಕ, ಅಂದರೆ 72.20. ಹೀಗೆ ದಿನಕ್ಕೊಂದು ಮೆಟ್ಟಿಲು. ಯಾವ ಬೆಲೆಯಲ್ಲಿ ಯಾರೋ ದೊಡ್ಡ ಕೊಳ್ಳುವವರು ಬರ್ತಾರೋ ಅಲ್ಲೇ ಲಾಕ್ ಬಿಡೋದು. ಒಂದು ಮಾತು, ಸರ್ಕ್ಯೂಟ್ ತಟ್ಟಿದರೆ ಆ ಷೇರಿನ ವ್ಯಾಪಾರ ನಿಲ್ಲೋದಿಲ್ಲ. ಅದೇ ಬೆಲೆಗೆ ಕೊಳ್ಳುವವರು ಬಂದರೆ ನಡೆಯುತ್ತೆ, ಬರಲ್ಲ ಅಷ್ಟೆ.

ಇನ್ನು ಎಷ್ಟು ತಗೋಬೇಕು ಅನ್ನೋದು. ನಿಮ್ಮ ನಷ್ಟಕ್ಕೆ ಮುಖ್ಯ ಕಾರಣ ಇಲ್ಲೇ ಇದೆ. ಸ್ಟಾಪ್ 1.60 ರೂಪಾಯಿ ದೂರ ಇತ್ತು ಅಂತ 4,000ವನ್ನು ಅದರಿಂದ ಭಾಗಿಸಿ 2,500 ಷೇರು ತಗೊಂಡ್ರಿ, ಅರ್ಧ ಬಂಡವಾಳ ಒಂದೇ ಸಣ್ಣ ಷೇರಿಗೆ ಹೋಯ್ತು. ಸ್ಟಾಪ್ ಹತ್ತಿರ ಇಟ್ಟಷ್ಟೂ ಲೆಕ್ಕ ಜಾಸ್ತಿ ಷೇರು ತಗೋ ಅನ್ನುತ್ತೆ, ಸ್ಟಾಪ್ ಕೆಲಸ ಮಾಡದ ಕಡೆ ಅದು ಬಹಳ ಅಪಾಯ. ಇಂಥ ಷೇರಿಗೆ ಸ್ಟಾಪ್ ದೂರದಿಂದ ಲೆಕ್ಕ ಹಾಕಬೇಡಿ, ಎಷ್ಟು ದಿನ ಲಾಕ್ ಆಗಬಹುದು ಅನ್ನೋದರಿಂದ ಹಾಕಿ. 5 ಪರ್ಸೆಂಟ್ ಬ್ಯಾಂಡ್‌ನಲ್ಲಿ ಐದು ದಿನ ಲಾಕ್ ಅಂದ್ರೆ ಸುಮಾರು 23 ಪರ್ಸೆಂಟ್ ಇಳಿಕೆ, ಹತ್ತು ದಿನ ಅಂದ್ರೆ 40. ನಾನು ಕನಿಷ್ಠ ಐದು ದಿನ ಇಟ್ಕೊಂಡೇ ಲೆಕ್ಕ ಹಾಕ್ತೀನಿ. 4 ಲಕ್ಷದಲ್ಲಿ 8,000 ಹೋದರೆ ತಡಕೊಳ್ಳಬಹುದು ಅನ್ನಿ. 8,000ವನ್ನು 0.23ರಿಂದ ಭಾಗಿಸಿದರೆ ಸುಮಾರು 35,000. ಅಂದರೆ 80ರ ಷೇರು 430ರಷ್ಟು. ಎಲ್ಲಿ 2,500, ಎಲ್ಲಿ 430!

ಆ 430ನ್ನೂ ಇನ್ನೊಂದು ಕಡೆಯಿಂದ ನೋಡಿ. ಚಾರ್ಟ್‌ನಲ್ಲಿ ಹಿಂದಕ್ಕೆ ಹೋಗಿ, ಇದೇ ಷೇರು ಹಿಂದೆ ಲೋವರ್ ಸರ್ಕ್ಯೂಟ್‌ನಲ್ಲಿ ಕೂತಿದ್ದ ದಿನಗಳ ವಾಲ್ಯೂಮ್ ನೋಡಿ. ಮಾಮೂಲಿ ದಿನ 40,000 ಷೇರು ಓಡಾಡುವ ಕಡೆ ಲಾಕ್ ದಿನ 3,000 ಕೂಡ ಆಗಿರಲ್ಲ. ನೀವು ಹೊರಬರಬೇಕಾದ್ದು ಆ 3,000ದಲ್ಲೇ, ಅದೂ ನಿಮ್ಮ ಮುಂದೆ ನಿಂತವರದೆಲ್ಲ ಹೋದ ಮೇಲೆ.

ಒಬ್ಬರು (ಕ್ಯಾತ್ಸಂದ್ರ): ಅಣ್ಣ, ಅವರದ್ದು ಲಿಮಿಟ್ ಹಾಕಿದ್ದೇ ತಪ್ಪು. ಎಸ್‌ಎಲ್-ಎಂ ಹಾಕಿದ್ರೆ ಮಾರ್ಕೆಟ್ ಬೆಲೆಗೆ ಹೋಗ್ತಿತ್ತು ಅಲ್ವಾ?

ಡೀಲರ್: ಅರ್ಧ ಸರಿ ಹೇಳಿದ್ರಿ. ಬೆಳಿಗ್ಗೆ 77ಕ್ಕೆ ಓಪನ್ ಆಗಿ ಕೊಳ್ಳುವವರು ಇದ್ದಿದ್ದರೆ ಎಸ್‌ಎಲ್-ಎಂ ಮಾರಿಬಿಡ್ತಿತ್ತು, 78ರ ಲಿಮಿಟ್ ಮೇಲೇ ಉಳೀತಿತ್ತು. ಆದರೆ ಇಲ್ಲಿ ಓಪನ್ ಆಗಿದ್ದೇ ಲಾಕ್‌ನಲ್ಲಿ. ಎಸ್‌ಎಲ್-ಎಂ ಆಗಿದ್ದರೂ 76ರ ಸಾಲಿನ ಕೊನೆಗೆ ಹೋಗಿ ನಿಲ್ತಿತ್ತು. ಎದುರು ಕೊಳ್ಳುವವರು ಬೇಕೇ ಬೇಕು. ಬಿಎಸ್‌ಇಯಲ್ಲಿ ಆ ಆರ್ಡರನ್ನೇ 2023ರಿಂದ ತೆಗೆದಿದ್ದಾರೆ.

ಇನ್ನೊಬ್ಬರು (ತಿಪಟೂರು): ನನ್ನ ಕಥೆ ಬೇರೆ ಸಾರ್, ಷೇರು ಇಲ್ಲದೆ ಬೆಳಿಗ್ಗೆ ಮಾರಿದ್ದೆ, ಮಧ್ಯಾಹ್ನ ಅಪ್ಪರ್ ಸರ್ಕ್ಯೂಟ್. ವಾಪಸ್ ಕೊಳ್ಳೋಕೆ ಆಗಲೇ ಇಲ್ಲ. ಅಪ್ಪರ್ ಸರ್ಕ್ಯೂಟ್ ಷೇರನ್ನು ಮೊದಲೇ ಹುಡುಕೋದು ಹೇಗೆ?

ಡೀಲರ್: ಹುಡುಕುವ ಪ್ರಶ್ನೆ ಇಲ್ಲಿ ಬೇಡ. ನಿಮಗೆ ಆಗಿದ್ದು ಇದೇ ಬಲೆಯ ಇನ್ನೊಂದು ಬಾಯಿ. ಮಾರುವವರಿಲ್ಲ, ನೀವು ಕೊಳ್ಳಲೇಬೇಕು. ಡೆಲಿವರಿ ಕೊಡಲಾಗದಿದ್ದರೆ ಷೇರು ಎಕ್ಸ್‌ಚೇಂಜ್ ಹರಾಜಿಗೆ ಹೋಗುತ್ತೆ, ಆ ಬೆಲೆ ನಿಮ್ಮ ಕೈಯಲ್ಲಿಲ್ಲ. ತಗೊಂಡವರ ನಷ್ಟ ಹಾಕಿದ ದುಡ್ಡಿಗೆ ನಿಲ್ಲುತ್ತೆ, ನಿಮ್ಮದು ನಿಲ್ಲಲ್ಲ. ಕಿರಿದಾದ ಬ್ಯಾಂಡ್ ಇರುವ ಷೇರಿನಲ್ಲಿ ಇಂಟ್ರಾಡೇ ಶಾರ್ಟ್ ಬೇಡವೇ ಬೇಡ.

ಕ್ಯಾತ್ಸಂದ್ರ: ಹಾಗಾದ್ರೆ 20 ಪರ್ಸೆಂಟ್ ಬ್ಯಾಂಡ್ ಷೇರೇ ವಾಸಿ. ಒಂದೇ ದಿನದಲ್ಲಿ ಬೆಲೆ ಇಳಿದು ಕೊಳ್ಳುವವರು ಸಿಗ್ತಾರೆ.

ಡೀಲರ್: ನನಗೂ ಎಷ್ಟೋ ಸಲ ಹಾಗೆ ಅನ್ನಿಸಿದೆ. 14 ಪರ್ಸೆಂಟ್ ಕೆಳಗೆ ಹೊರಬರೋದು ಐದು ದಿನ ಕಾಯೋದಕ್ಕಿಂತ ಒಳ್ಳೆಯದೇ. ಆದರೆ ಅಲ್ಲೂ ಎರಡು ದಿನ ಲಾಕ್ ಆದರೆ 36 ಪರ್ಸೆಂಟ್ ಹೋಯ್ತು. ಮೇಲಾಗಿ ಬ್ಯಾಂಡ್ ಶಾಶ್ವತ ಅಲ್ಲ, ಎಕ್ಸ್‌ಚೇಂಜ್ ನಿಗಾ ಪಟ್ಟಿಗೆ ಹಾಕಿ 20ರಿಂದ 5ಕ್ಕೆ ಇಳಿಸಬಹುದು, ನೀವು ಒಳಗಿರುವಾಗಲೇ.

ತಿಪಟೂರು: ಒಪ್ಪಲ್ಲ ಸಾರ್. 5ರ ಬ್ಯಾಂಡ್‌ನಲ್ಲಿ ಯೋಚಿಸೋಕೆ ಟೈಮ್ ಆದರೂ ಸಿಗುತ್ತೆ.

ಡೀಲರ್: ಯೋಚಿಸೋಕೆ ಸಿಗುತ್ತೆ, ಮಾರೋಕೆ ಸಿಗಲ್ಲ. ಇದರಲ್ಲಿ ನಮ್ಮ ಆಫೀಸಲ್ಲೇ ಇಬ್ಬರ ಅಭಿಪ್ರಾಯ ಒಂದಾಗಿಲ್ಲ.

ಸಿರಾ ಗೇಟ್: ಸಾರ್, ಮತ್ತೆ ಲಾಕ್ ಆದರೆ ಆ ದಿನ ಏನು ಮಾಡ್ಲಿ?

ಡೀಲರ್: ಹಿಂದಿನ ರಾತ್ರಿಯೇ ನಾಳೆಯ ಲೋವರ್ ಬೆಲೆಗೆ ಲಿಮಿಟ್ ಹಾಕಿ ಮಾರಾಟದ ಆರ್ಡರ್ ಇಡಿ, ಅದು 9 ಗಂಟೆಗೆ ಪ್ರೀ-ಓಪನ್‌ಗೆ ಹೋಗುತ್ತೆ. ಅಂದು ಲಾಕ್ ಆಗದೆ ಮೇಲೆ ಓಪನ್ ಆದರೆ ಆ ಮೇಲಿನ ಬೆಲೆಗೇ ಮಾರಾಟ ಆಗುತ್ತೆ, ಭಯ ಬೇಡ. ಒಂದೇ ಬೆಲೆಯಲ್ಲಿ ಮೊದಲು ಬಂದವರಿಗೆ ಮೊದಲು, 9.15ಕ್ಕೆ ಎದ್ದು ಹಾಕಿದವರು ಸಾಲಿನ ಹಿಂದೆ. ಹಾಕಿದ ಮೇಲೆ ಬೆಲೆ ಬದಲಾಯಿಸಬೇಡಿ, ಷೇರಿನ ಸಂಖ್ಯೆ ಹೆಚ್ಚಿಸಬೇಡಿ, ಸಾಲಿನಲ್ಲಿ ಜಾಗ ಹೋಗುತ್ತೆ. ಎರಡೂ ಎಕ್ಸ್‌ಚೇಂಜ್‌ನಲ್ಲಿ ಷೇರು ಇದ್ದರೆ ಬಿಎಸ್‌ಇ, ಎನ್‌ಎಸ್‌ಇ ಎರಡರ ಸಾಲೂ ನೋಡಿ, ಚಿಕ್ಕ ಸಾಲು ಇರುವ ಕಡೆ ನಿಲ್ಲಿ. ಸಂಜೆ ಆರ್ಡರ್ ರದ್ದಾಗುತ್ತೆ, ಮಾರಾಟ ಆಗದಿದ್ದರೆ ಅವತ್ತೇ ರಾತ್ರಿ ಹೊಸ ಬೆಲೆಗೆ ಮತ್ತೆ ಹಾಕಿ. ಜಿಟಿಟಿಯಲ್ಲಿ ಹಳೆಯ 78ರ ಲಿಮಿಟ್ ಇದ್ದರೆ ಅದನ್ನು ತೆಗೆದುಬಿಡಿ, ಮಾರಾಟದ ಆರ್ಡರ್ ಇದೆ ಅನ್ನೋ ಸುಳ್ಳು ಧೈರ್ಯ ಕೊಡುತ್ತೆ ಅಷ್ಟೇ.