ಆಫೀಸಿನ ಕಾರು, ಓಡಿಸಿದ್ದು ನಾನು: ಕ್ಲೇಮ್ ಯಾರದ್ದು, ಪಿ.ಎ. ಯಾರಿಗೆ?

ಪ್ರಶ್ನೆ: ಆಫೀಸಿನಿಂದ ನನಗೆ ಕೊಟ್ಟ ಕಾರು. ಆರ್‌ಸಿ, ಪಾಲಿಸಿ ಎರಡೂ ಕಂಪನಿ ಹೆಸರಲ್ಲಿವೆ. ಭಾನುವಾರ ಹೆಂಡತಿಯನ್ನು ಕೂರಿಸಿಕೊಂಡು ಹೋಗುವಾಗ ಡಿವೈಡರ್‌ಗೆ ಗುದ್ದಿತು. ಬೇರೆ ಗಾಡಿ ಇರಲಿಲ್ಲ. ನನ್ನ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಹೆಂಡತಿಗೆ ಕೈ ಮೂಳೆ ಮುರಿದಿದೆ. ಕಾರಿನ ಇನ್ಶೂರೆನ್ಸ್ ಅಂದರೆ 15 ಲಕ್ಷದ ಪಿ.ಎ., ಅಂದರೆ ಪರ್ಸನಲ್ ಆಕ್ಸಿಡೆಂಟ್ ಕವರ್, ಇದ್ದೇ ಇರುತ್ತದೆ ಅನ್ನುತ್ತಾರೆ. ನಾನು ಕ್ಲೇಮ್ ಹಾಕಬಹುದಾ? ರಿಪೇರಿ ಕ್ಲೇಮ್ ಯಾರು ಹಾಕಬೇಕು?

ಒಬ್ಬ ಸದಸ್ಯರು: ಧೈರ್ಯವಾಗಿ ಹಾಕಿ ಸರ್. ಓಡಿಸುವವರಿಗೆ ಲೈಸೆನ್ಸ್ ಇದ್ದರೆ 15 ಲಕ್ಷ ಸಿಗುತ್ತದೆ. ಅದು ಸರ್ಕಾರವೇ ಕಡ್ಡಾಯ ಮಾಡಿದ್ದು. ನಮ್ಮ ಭಾವನ ಮನೆಯವರಿಗೆ ಬಂತು.

ಮೋಟಾರ್ ಕ್ಲೇಮ್ ನೋಡಿಕೊಳ್ಳುವವರು: ನಿಮ್ಮ ಭಾವ ಓಡಿಸುತ್ತಿದ್ದದ್ದು ಅವರದೇ ಕಾರು ಇರಬೇಕು. ವ್ಯತ್ಯಾಸ ಇರುವುದು ಅಲ್ಲೇ.

ಆ ಕಡ್ಡಾಯ ಪಿ.ಎ.ಯ ಪೂರ್ತಿ ಹೆಸರೇ ಓನರ್-ಡ್ರೈವರ್ ಕವರ್. 2018ರಲ್ಲಿ ಅದನ್ನು 15 ಲಕ್ಷಕ್ಕೆ ಏರಿಸಿದರು. ಅದು ಸಿಗಬೇಕಾದರೆ ಒಬ್ಬನೇ ಮನುಷ್ಯ ಆರ್‌ಸಿಯಲ್ಲಿ ಮಾಲೀಕ ಆಗಿರಬೇಕು, ಪಾಲಿಸಿಯಲ್ಲೂ ಅವನ ಹೆಸರೇ ಇರಬೇಕು, ಲೈಸೆನ್ಸೂ ಇರಬೇಕು. ಕಂಪನಿಗೆ ಕೈಕಾಲೂ ಇಲ್ಲ, ಲೈಸೆನ್ಸೂ ಇಲ್ಲ. ಹಾಗಾಗಿ ಕಂಪನಿ ಹೆಸರಿನ ಗಾಡಿಗೆ ಈ ಕವರ್ ಕೊಡುವುದೇ ಇಲ್ಲ, ಅದಕ್ಕೆ ಪ್ರೀಮಿಯಮ್ಮೂ ಹಿಡಿಯುವುದಿಲ್ಲ. ಪಾಲಿಸಿ ಶೆಡ್ಯೂಲ್ ತೆಗೆದು ನೋಡಿ. ಆ ಸಾಲಿನ ಮುಂದೆ ಸೊನ್ನೆ ಇರುತ್ತದೆ. ಇದೇ ಕಾರು ನಿಮ್ಮ ಹೆಸರಲ್ಲಿದ್ದು ಆ ಕವರ್ ಇದ್ದಿದ್ದರೆ, ಒಂದು ಕಾಲಿಗೆ ಅರ್ಧ, ಅಂದರೆ 7.5 ಲಕ್ಷ ನಿಮ್ಮ ಕೈಗೆ ಬರುತ್ತಿತ್ತು.

ರಿಪೇರಿ ಕ್ಲೇಮಿನ ವಿಷಯ ಸುಲಭ. ಕಾರು ಯಾರದೋ ಕ್ಲೇಮ್ ಅವರದು. ಅಪಘಾತ ಹೇಗಾಯಿತು ಅಂತ ನೀವು ಬರೆದುಕೊಡಬೇಕು, ನಿಮ್ಮ ಲೈಸೆನ್ಸ್ ಪ್ರತಿ ಕೊಡಬೇಕು. ಆದರೆ ಕ್ಲೇಮ್ ಫಾರ್ಮಿಗೆ ಸಹಿ ಹಾಕಬೇಕಾದವರು ಕಂಪನಿಯ ಅಧಿಕೃತ ಸಹಿದಾರರು, ಸೀಲ್ ಸಮೇತ. ಎಷ್ಟೋ ಜನ ಅವಸರದಲ್ಲಿ ತಾವೇ ಸಹಿ ಹಾಕಿ ಕಳಿಸುತ್ತಾರೆ, ಫೈಲು ಸುಮ್ನೆ ಎರಡು ವಾರ ಓಡಾಡಿ ವಾಪಸ್ ಬರುತ್ತದೆ. ದುಡ್ಡು ಗ್ಯಾರೇಜಿಗೆ ಅಥವಾ ಕಂಪನಿ ಖಾತೆಗೆ ಹೋಗುತ್ತದೆ. ಭಾನುವಾರ ಸ್ವಂತ ಕೆಲಸಕ್ಕೆ ಓಡಿಸಿದ್ದೀರಿ ಅನ್ನುವುದು ಇನ್ಶೂರೆನ್ಸ್‌ನವರಿಗೆ ಸಮಸ್ಯೆ ಅಲ್ಲ. ಕಂಪನಿಯ ಅನುಮತಿ ಇತ್ತು, ಲೈಸೆನ್ಸ್ ಚಾಲ್ತಿಯಲ್ಲಿತ್ತು ಅಂದರೆ ಸಾಕು. ರಜೆಯಲ್ಲಿ ಓಡಿಸಬಾರದು ಅಂತ ಆಫೀಸಿನ ನಿಯಮ ಇದ್ದರೆ ಅದು ನಿಮ್ಮ ಮತ್ತು ಆಫೀಸಿನ ನಡುವಿನ ಮಾತು.

ಇನ್ನೊಬ್ಬರು: ನಾನು ಮುಂದಿನ ತಿಂಗಳು ಕೆಲಸ ಬಿಡುತ್ತಿದ್ದೇನೆ. ಇದೇ ಥರದ ಕಾರನ್ನು ಕಂಪನಿಯಿಂದ ಕೊಂಡುಕೊಳ್ಳುತ್ತಿದ್ದೇನೆ. ನಾಲ್ಕು ವರ್ಷದ ನೋ ಕ್ಲೇಮ್ ಬೋನಸ್ ನನಗೆ ಬರುತ್ತದಾ? ಒಂದು ಗೀರೂ ಬೀಳದ ಹಾಗೆ ಓಡಿಸಿದವನು ನಾನೇ ಅಲ್ವಾ?

ಮೋಟಾರ್ ಕ್ಲೇಮ್ ನೋಡಿಕೊಳ್ಳುವವರು: ಬರುತ್ತದೆ. ಬೋನಸ್ ಸಾಮಾನ್ಯವಾಗಿ ಪಾಲಿಸಿದಾರರದು, ಆದರೆ ಕಂಪನಿಯ ಕಾರನ್ನು ಒಬ್ಬ ನೌಕರನಿಗೇ ಕೊಟ್ಟು, ಅವನೊಬ್ಬನೇ ಓಡಿಸಿದ್ದು, ಅವನೇ ಅದನ್ನು ಕೊಂಡರೆ ಆ ಅವಧಿಯ ಬೋನಸ್ ಅವನಿಗೆ ಹೋಗುತ್ತದೆ; ಹಾಗೆಂದು ಕಂಪನಿಯಿಂದ ಪತ್ರ ಬರೆಸಿಕೊಳ್ಳಿ. ಗಾಡಿ ವರ್ಗಾವಣೆ ಆದ 14 ದಿನದೊಳಗೆ ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಓನರ್-ಡ್ರೈವರ್ ಪಿ.ಎ.ಯನ್ನು ಅವತ್ತೇ ಸೇರಿಸಿ.

ಕೇಳಿದವರು: ನನ್ನ ಸ್ವಂತ ಬೈಕಿಗೆ ಬೇರೆಯಾಗಿ 15 ಲಕ್ಷದ ಪಿ.ಎ. ಪಾಲಿಸಿ ಇದೆ. ಅದು ನನ್ನ ಹೆಸರಲ್ಲೇ ಇದೆಯಲ್ಲ, ನಡೆಯುತ್ತದಾ?

ಮೋಟಾರ್ ಕ್ಲೇಮ್ ನೋಡಿಕೊಳ್ಳುವವರು: ಇಲ್ಲ ಸರ್. ಅದು ನಿಮ್ಮ ಹೆಸರಿನ ಗಾಡಿಗಳಲ್ಲಿ ಇದ್ದಾಗ ಮಾತ್ರ. ಎರಡು ಕಾರು, ಒಂದು ಬೈಕು ನಿಮ್ಮದೇ ಆಗಿದ್ದರೆ ಒಂದೇ ಪಿ.ಎ. ಸಾಕಾಗುತ್ತಿತ್ತು. ಆಫೀಸಿನ ಕಾರು ಆ ಲೆಕ್ಕಕ್ಕೆ ಬರುವುದಿಲ್ಲ.

ನೀವು ಹುಡುಕಬೇಕಾದ್ದು ಬೇರೆ ಜಾಗದಲ್ಲಿದೆ. ಎಚ್‌ಆರ್‌ಗೆ ಕೇಳಿ, ಗ್ರೂಪ್ ಪರ್ಸನಲ್ ಆಕ್ಸಿಡೆಂಟ್ ಪಾಲಿಸಿ ಇದೆಯಾ ಅಂತ. ಅದು ಗಾಡಿಗೆ ಅಂಟಿಕೊಂಡಿದ್ದಲ್ಲ, ನಿಮಗೆ ಅಂಟಿಕೊಂಡಿದ್ದು. ಸಾಮಾನ್ಯವಾಗಿ ದಿನದ 24 ಗಂಟೆಯೂ ಇರುತ್ತದೆ. ಭಾನುವಾರ ಮೆಟ್ಟಿಲಿನಿಂದ ಬಿದ್ದರೂ ಲೆಕ್ಕಕ್ಕೆ ಬರುತ್ತದೆ. ಕೆಲವರು ಡ್ಯೂಟಿ ಸಮಯಕ್ಕೆ ಮಾತ್ರ ತೆಗೆದುಕೊಂಡಿರುತ್ತಾರೆ, ಅದನ್ನು ಓದಿ ನೋಡಿ. ಕೆಲಸ ಮಾಡಲಾಗದ ವಾರಗಳಿಗೆ ವಾರದ ಲೆಕ್ಕದಲ್ಲಿ ದುಡ್ಡು ಕೊಡುವ ಪಾಲಿಸಿಗಳೂ ಇವೆ. ಕಾರಿನ ಪಿ.ಎ.ಯಲ್ಲಿ ಅದು ಇರುವುದಿಲ್ಲ. ಆಸ್ಪತ್ರೆ ಬಿಲ್ಲು ನಿಮ್ಮ ಆರೋಗ್ಯ ವಿಮೆಗೆ.

ನೌಕರರ ಪರಿಹಾರ ಕಾನೂನಿನಲ್ಲಿ ಕೇಳೋಣ ಅಂದರೆ, ಅದು ಕೆಲಸದ ಕಾರಣಕ್ಕೆ, ಕೆಲಸದ ಮಧ್ಯೆ ಆದ ಗಾಯಕ್ಕೆ. ಭಾನುವಾರದ ಸುತ್ತಾಟ ಅದರೊಳಗೆ ಬರುವುದು ಕಷ್ಟ. ಅಪಘಾತ ನ್ಯಾಯಮಂಡಳಿಯಲ್ಲೂ ನಿಮ್ಮ ದಾರಿ ಕಿರಿದು. ನಿಮ್ಮದೇ ಚಾಲನೆ, ಎದುರು ಗಾಡಿ ಇಲ್ಲ. 2009ರಲ್ಲಿ ನಮ್ಮ ಕರ್ನಾಟಕದಿಂದ ಹೋದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಅಲ್ಲಿದ್ದದ್ದು ಎರವಲು ತಂದ ಬೈಕು. ಎರವಲು ತಂದು ಓಡಿಸಿದವನು ಮಾಲೀಕನ ಜಾಗದಲ್ಲಿ ನಿಂತ ಹಾಗೆ, ಅವನನ್ನು ಮೂರನೆಯವನು ಅನ್ನಲಾಗದು ಅಂತ.

ಆದರೆ ನಿಮ್ಮ ಮನೆಯವರ ವಿಷಯ ಬೇರೆ. ಅವರು ಓಡಿಸಲಿಲ್ಲ, ಸುಮ್ಮನೆ ಕೂತಿದ್ದರು. ಗಾಡಿಯ ರಿಪೇರಿಯನ್ನೂ ಸೇರಿಸಿ ಕೊಡುವ ಪ್ಯಾಕೇಜ್ ಪಾಲಿಸಿ ಆಗಿದ್ದರೆ ಕಾರೊಳಗೆ ಕೂತವರ ಪರಿಹಾರವೂ ಅದರೊಳಗೆ ಬರುತ್ತದೆ. ಬರೀ ಥರ್ಡ್ ಪಾರ್ಟಿ ಪಾಲಿಸಿ ಆದರೆ ಹಾಗಲ್ಲ. 2012ರಲ್ಲಿ ಕಂಪನಿ ಕಾರಿನಲ್ಲಿ ಗಾಯಗೊಂಡ ಒಬ್ಬ ಎಂ.ಡಿ.ಯ ಕೇಸಿತ್ತು. ಎಂ.ಡಿ. ಅಂದರೆ ಮಾಲೀಕನೇ ತಾನೇ ಅಂತ ಇನ್ಶೂರೆನ್ಸ್‌ನವರು ವಾದಿಸಿದರು. ಕಂಪನಿ ಬೇರೆ, ಎಂ.ಡಿ. ಬೇರೆ, ಪಾಲಿಸಿ ಯಾವ ಥರದ್ದು ಅಂತ ಮೊದಲು ನೋಡಿ ಅಂದಿತು ಸುಪ್ರೀಂ ಕೋರ್ಟ್.

ನಿಮ್ಮ ಮನೆಯವರು ನ್ಯಾಯಮಂಡಳಿಗೆ ಹಾಕುವ ಅರ್ಜಿಯಲ್ಲಿ ನಿಮ್ಮನ್ನು, ಕಂಪನಿಯನ್ನು, ಇನ್ಶೂರೆನ್ಸ್‌ನವರನ್ನು ಎದುರು ಪಕ್ಷ ಮಾಡಬೇಕಾಗುತ್ತದೆ. ಹೆಂಡತಿ ಗಂಡನ ಮೇಲೆ ಕೇಸು ಹಾಕುವುದಾ ಅಂತ ಗಾಬರಿ ಬೇಡ. ಆದರೆ ನಿಮ್ಮ ಅಜಾಗರೂಕತೆ ಅಂತಲೇ ಅಲ್ಲಿ ತೋರಿಸಬೇಕು, ಪೊಲೀಸ್ ಕೇಸು ನಿಮ್ಮ ಮೇಲೇ ಇರುತ್ತದೆ. ಇದನ್ನು ಮನೆಯಲ್ಲಿ ಮಾತಾಡಿಕೊಂಡೇ ಹೊರಡಿ. ಅಪಘಾತದಿಂದ 6 ತಿಂಗಳೊಳಗೆ ಅರ್ಜಿ ಹಾಕಬೇಕು ಅಂತ 2022ರ ಏಪ್ರಿಲ್‌ನಿಂದ ಕಾನೂನಿದೆ, ತಡ ಮಾಡಬೇಡಿ.

ಒಂದು ಆಫೀಸಿನ ಅಡ್ಮಿನ್: ನಮ್ಮಲ್ಲಿ ಕಾರು ಕೊಡುವಾಗಲೇ ಆ ನೌಕರರ ಹೆಸರು ಹಾಕಿ 2 ಲಕ್ಷದ ಪಿ.ಎ. ಸೇರಿಸುತ್ತೇವೆ. ಪ್ರೀಮಿಯಂ ತೀರಾ ಕಡಿಮೆ. ಯಾರೂ ಕೇಳುವುದಿಲ್ಲ ಅಂತ ಎಷ್ಟೋ ಕಡೆ ಬಿಟ್ಟುಬಿಡುತ್ತಾರೆ.

ಕೇಳಿದವರು: ಶೆಡ್ಯೂಲ್ ಸಿಕ್ಕಿತು. ಪ್ಯಾಕೇಜ್ ಪಾಲಿಸಿ. ಓನರ್-ಡ್ರೈವರ್ ಮುಂದೆ ನೀವು ಹೇಳಿದ ಹಾಗೆ ಸೊನ್ನೆ. ಕೆಳಗೆ ‘ಹೆಸರಿಸದ ಪ್ರಯಾಣಿಕರ ಪಿ.ಎ., 5 ಜನ, ತಲಾ 1 ಲಕ್ಷ’ ಅಂತ ಇದೆ. ಹಾಗಾದರೆ ನಮ್ಮಿಬ್ಬರಿಗೂ ತಲಾ ಒಂದು ಲಕ್ಷವಾ?

ಮೋಟಾರ್ ಕ್ಲೇಮ್ ನೋಡಿಕೊಳ್ಳುವವರು: ಅಷ್ಟು ಸಿಗುವುದಿಲ್ಲ. ಪಿ.ಎ. ಕೊಡುವುದು ಸಾವಿಗೆ, ಕೈಕಾಲು ಅಥವಾ ಕಣ್ಣು ಹೋದರೆ, ಇಲ್ಲವೇ ಪೂರ್ತಿ ಶಾಶ್ವತ ಅಂಗವೈಕಲ್ಯಕ್ಕೆ. ಮೂಳೆ ಮುರಿತಕ್ಕೆ ಅದರಲ್ಲಿ ಏನೂ ಇಲ್ಲ. ಹಾಗಾಗಿ ಮನೆಯವರಿಗೆ ನ್ಯಾಯಮಂಡಳಿಯೇ ದಾರಿ.

ನಿಮ್ಮದು ಒಂದು ಕಾಲು, ಲೆಕ್ಕಕ್ಕೆ ಅರ್ಧ, 50 ಸಾವಿರ. ಅದೂ ಓಡಿಸುವವರನ್ನು ಪ್ರಯಾಣಿಕ ಅಂತ ಒಪ್ಪಿಕೊಂಡರೆ. ಆ ಷರತ್ತು ಸಂಬಳದ ಡ್ರೈವರನ್ನು ಹೊರಗಿಡುತ್ತದೆ, ಡ್ಯೂಟಿಯಲ್ಲಿದ್ದು ನೌಕರರ ಪರಿಹಾರ ಕಾನೂನಿಗೆ ಒಳಪಡುವ ನೌಕರರನ್ನೂ ಹೊರಗಿಡುತ್ತದೆ. ನೀವು ಎರಡೂ ಅಲ್ಲ. ಆದರೆ ಆ ಷರತ್ತಿನಲ್ಲಿ ಸಾಮಾನ್ಯವಾಗಿ ‘ಕಾರಿನಲ್ಲಿ ಪ್ರಯಾಣ ಮಾಡುತ್ತಿದ್ದಾಗ, ಆದರೆ ಓಡಿಸದಿದ್ದಾಗ’ ಅಂತ ಇರುತ್ತದೆ, ನಿಮ್ಮ ಪಾಲಿಸಿಯಲ್ಲೂ ಹಾಗೇ ಇದ್ದರೆ ಸ್ಟಿಯರಿಂಗ್ ಹಿಡಿದವರಿಗೆ ಸಿಗುವುದಿಲ್ಲ.  ಕಂಪನಿ ಮೂಲಕ ಅರ್ಜಿ ಹಾಕಿಸಿ, ಇಲ್ಲ ಅಂದರೆ ಯಾವ ಷರತ್ತಿನ ಮೇಲೆ ಅಂತ ಬರೆದುಕೊಡಲು ಕೇಳಿ.

ಮೊದಲ ಸದಸ್ಯರು: ಭಾವನ ಮನೆಗೆ ಫೋನ್ ಮಾಡಿದೆ. ಕಾರು ಅವರ ಹೆಸರಲ್ಲೇ ಇತ್ತಂತೆ.

ಕೇಳಿದವರು: ಎಚ್‌ಆರ್‌ನವರು ಗ್ರೂಪ್ ಪಾಲಿಸಿ ಇದೆ ಅಂದರು. ಪ್ರತಿ ಇನ್ನೂ ಕಳಿಸಿಲ್ಲ.