‘ಮೊಯ್ರಾ’ ಎಂಬುದಕ್ಕೆ ‘ವಿಧಿ’ ಎಂದು ಬರೆಯಬಹುದೇ? ಜೀಯಸ್‌ನ ಕೈ ಕಟ್ಟಿದ್ದು ಯಾವುದು?

ಪ್ರಶ್ನೆ (ಅನುವಾದಕಿ, ಧಾರವಾಡ)

ಎಲ್ಲರಿಗೂ ನಮಸ್ಕಾರ. ಗ್ರೀಕ್ ಕವಿ ಹೋಮರ್‌ನ ‘ಇಲಿಯಡ್’ ಕಾವ್ಯದ 16ನೆಯ ಸರ್ಗವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಮೊಯ್ರಾ’ ಎಂಬ ಗ್ರೀಕ್ ಪದದ ಬಳಿ ಬಂದು ನಿಂತು ಹದಿನೈದು ದಿನಗಳಾದವು.

ಸಂದರ್ಭ ಇದು. ಲಿಸಿಯಾದ ದೊರೆ ಸರ್ಪೆಡಾನ್ ದೇವತೆಗಳ ದೊರೆ ಜೀಯಸ್‌ನ ಮಗ. ತಾಯಿ ಮನುಷ್ಯಳಾದ್ದರಿಂದ ಅವನಿಗೂ ಸಾವುಂಟು. ಅವನು ರಥದಿಂದ ಧುಮುಕಿ ಗ್ರೀಕರ ಕಡೆಯ ವೀರ ಪೆಟ್ರೋಕ್ಲಸ್‌ನಿಗೆ ಎದುರಾಗುತ್ತಾನೆ. ಮೇಲಿನಿಂದ ನೋಡುತ್ತಿರುವ ಜೀಯಸ್, ‘ಅಯ್ಯೋ, ಮನುಷ್ಯರಲ್ಲೆಲ್ಲ ನನಗೆ ಅತಿ ಪ್ರಿಯನಾದವನು ಪೆಟ್ರೋಕ್ಲಸ್‌ನ ಕೈಯಲ್ಲಿ ಸಾಯುವುದು ಮೊಯ್ರಾ ಆಗಿದೆಯಲ್ಲ’ ಎಂದು ಹೆಂಡತಿ ಹೇರಾಳ ಎದುರು ಕೊರಗುತ್ತಾನೆ. ಅವನನ್ನು ರಣದಿಂದ ಎತ್ತಿ ಊರಿಗೆ ಸೇರಿಸಿಬಿಡಲೇ, ಸಾಯಲು ಬಿಡಲೇ ಎಂದು ಎರಡು ಮನಸ್ಸಾಗುತ್ತಾನೆ.

ನಾನು ಮೊದಲು ‘ಸಾಯುವುದು ವಿಧಿಯಾಗಿದೆಯಲ್ಲ’ ಎಂದು ಬರೆದಿದ್ದೆ. ಕರಡನ್ನು ಓದಿ ಹೇಳುತ್ತಿದ್ದಾಗ ನಮ್ಮ ಅತ್ತೆ ಕೇಳಿದರು: ‘ವಿಧಿ ಅಂದರೆ ಬ್ರಹ್ಮ ತಾನೆ? ಹಾಗಾದರೆ ಈ ದೇವರ ಮೇಲೆ ಇನ್ನೊಬ್ಬ ದೇವರು ಇದ್ದಾನೆಯೇ?’ ನನಗೆ ಉತ್ತರ ಹೊಳೆಯಲಿಲ್ಲ. ವಿಧಿ ಎಂದರೆ ವಿಧಿಸಿದವನು ಒಬ್ಬ ಇರಲೇಬೇಕು. ಹೋಮರ್ ಅಂಥವನ ಹೆಸರು ಹೇಳುವುದಿಲ್ಲ. ‘ದೈವ’ ಎಂದರೆ ಇನ್ನೂ ತೊಡಕು, ದೈವವೇ ‘ದೈವ ಹೀಗೆ ಮಾಡಿತಲ್ಲ’ ಎಂದು ಅತ್ತಂತಾಗುತ್ತದೆ. ‘ಹಣೆಬರಹ’ ಎಂದರೆ ಗ್ರೀಕರಲ್ಲಿಲ್ಲದ ಬರವಣಿಗೆ ಬಂದು ಕೂರುತ್ತದೆ. ಗ್ರೀಕ್ ದೇವತೆಗಳು ನಿಜವಾಗಿ ಇದಕ್ಕೆ ಕಟ್ಟುಬಿದ್ದವರೇ ಎಂಬುದು ತಿಳಿದರೆ ಪದ ತಾನಾಗಿ ಸಿಕ್ಕೀತು ಎಂದು ಕೇಳುತ್ತಿದ್ದೇನೆ.

ಉತ್ತರ (ನಿವೃತ್ತ ಕನ್ನಡ ಅಧ್ಯಾಪಕರು, ತುಮಕೂರು)

‘ವಿಧಿ’ಯನ್ನು ಬಿಡಬೇಡಿ ತಾಯಿ. ಅಮರಕೋಶದ ಸಾಲು ನೋಡಿ: ‘ದೈವಂ ದಿಷ್ಟಂ ಭಾಗಧೇಯಂ ಭಾಗ್ಯಂ ಸ್ತ್ರೀ ನಿಯತಿರ್ವಿಧಿಃ’. ಆರೂ ಒಂದೇ ಅರ್ಥದವು. ಅದರಲ್ಲಿ ಓದುಗರಿಗೆ ತಟ್ಟನೆ ಹತ್ತುವುದು ವಿಧಿ. ಗ್ರೀಕ್ ದೇವತೆಗಳು ವಿಧಿಗೆ ಅಧೀನರೇ ಎಂಬುದರಲ್ಲಿ ಚರ್ಚೆಗೆ ಎಡೆಯೇ ಇಲ್ಲ. ಲಿಡಿಯಾದ ದೊರೆ ಕ್ರೀಸಸ್ ರಾಜ್ಯ ಕಳೆದುಕೊಂಡ ಮೇಲೆ, ‘ಇಷ್ಟೆಲ್ಲ ಕಾಣಿಕೆ ಕೊಟ್ಟವನಿಗೆ ಹೀಗೆ ಮಾಡಬಹುದೇ’ ಎಂದು ಡೆಲ್ಫಿಯ ಅಪೊಲೊ ದೇಗುಲಕ್ಕೆ ಕೇಳಿ ಕಳಿಸುತ್ತಾನೆ. ಅಪೊಲೊನ ಪೂಜಾರಿಣಿಯ ಉತ್ತರವನ್ನು ಇತಿಹಾಸಕಾರ ಹೆರೊಡೋಟಸ್ ಬರೆದಿಟ್ಟಿದ್ದಾನೆ: ನಿಶ್ಚಯವಾದ ಮೊಯ್ರಾದಿಂದ ತಪ್ಪಿಸಿಕೊಳ್ಳುವುದು ದೇವರಿಗೂ ಆಗದು. ದೇವರಿಗೂ ಆಗದು ಎಂದು ದೇವರ ಬಾಯಿಂದಲೇ ಬಂದ ಮೇಲೆ ಉಳಿದದ್ದೇನು? ಬದುಕಿನ ನೂಲು ನೂಲುವ, ಮೊಯ್ರಾಗಳೆಂಬ ಮೂವರು ಮುದುಕಿಯರೇ ಅಲ್ಲಿಯ ಬ್ರಹ್ಮ.

ಉತ್ತರ (ಗ್ರೀಕ್ ಕಲಿಸುವವರು, ಜರ್ಮನಿ)

ಮೇಷ್ಟ್ರು ಹೇಳಿದ ಹೆರೊಡೋಟಸ್‌ನ ಮಾತು ಸರಿಯಾಗಿದೆ. ಆದರೆ ಅದು ಕ್ರಿಸ್ತಪೂರ್ವ 5ನೆಯ ಶತಮಾನದ ಮಾತು, ಹೋಮರನ ಕಾವ್ಯಕ್ಕಿಂತ ಎಷ್ಟೋ ಈಚಿನದು. ಅದನ್ನು ಹಿಂದಕ್ಕೆ ತಂದು ಹೋಮರನ ಮೇಲೆ ಹೊದಿಸಿದರೆ ಈ ಸರ್ಗದಲ್ಲಿ ನಡೆಯುವುದೇ ಮರೆಯಾಗುತ್ತದೆ. ಅಲ್ಲೂ ಮುಂದಿನ ವಾಕ್ಯ ಓದಬೇಕು. ಅಪೊಲೊ ಮೊಯ್ರಾಗಳನ್ನು ಒಲಿಸಿಕೊಂಡು ಕ್ರೀಸಸ್‌ನ ರಾಜಧಾನಿ ಸಾರ್ಡಿಸ್ ಪಟ್ಟಣದ ಪತನವನ್ನು ಮೂರು ವರ್ಷ ಮುಂದೂಡಿದ್ದನಂತೆ.

ಈಗ ಹೇರಾ ಜೀಯಸ್‌ನಿಗೆ ಕೊಡುವ ಉತ್ತರಕ್ಕೆ ಬನ್ನಿ. ‘ಅದು ನಿನ್ನಿಂದಾಗದು’ ಎಂದು ಅವಳು ಹೇಳುವುದಿಲ್ಲ. ಅವಳ ಮಾತು ಹೆಚ್ಚುಕಡಿಮೆ ಹೀಗಿದೆ: ‘ಸಾಯಲೇಬೇಕಾದ ಮನುಷ್ಯ, ಸಾವು ಎಂದೋ ನಿಶ್ಚಯವಾದವನು, ಅವನನ್ನು ಸಾವಿನಿಂದ ಬಿಡಿಸುತ್ತೀಯಾ? ಮಾಡು. ಆದರೆ ಉಳಿದ ದೇವತೆಗಳಾದ ನಾವು ಎಲ್ಲರೂ ಅದನ್ನು ಮೆಚ್ಚುವುದಿಲ್ಲ.’ ‘ಎರ್ದ್’ ಎಂಬ ಒಂದೇ ಉಸಿರಿನ ಪದ ಅದು, ‘ಮಾಡು’. ಆಮೇಲೆ ಕಾರಣ ಹೇಳುತ್ತಾಳೆ: ಟ್ರಾಯ್ ಕೋಟೆಯ ಸುತ್ತ ಹೋರಾಡುತ್ತಿರುವವರಲ್ಲಿ ದೇವತೆಗಳ ಮಕ್ಕಳು ಹಲವರಿದ್ದಾರೆ, ನೀನು ನಿನ್ನ ಮಗನನ್ನು ಎತ್ತಿಕೊಂಡರೆ ನಾಳೆ ಅವರೂ ತಮ್ಮವರನ್ನು ಎತ್ತಿಕೊಳ್ಳುತ್ತೇವೆ ಎನ್ನುತ್ತಾರೆ. ಜೀಯಸ್ ಸುಮ್ಮನಾಗುತ್ತಾನೆ. ನೆಲಕ್ಕೆ ರಕ್ತದ ಹನಿಗಳನ್ನು ಸುರಿಸುತ್ತಾನೆ, ಮಗನ ಗೌರವಕ್ಕಾಗಿ. ಸರ್ಪೆಡಾನ್ ಮರ ಕಡಿದು ಬಿದ್ದಂತೆ ಬೀಳುತ್ತಾನೆ. ಆಮೇಲೆ ಅಪೊಲೊ ಶವವನ್ನು ನದಿಯಲ್ಲಿ ತೊಳೆದು, ಅಮೃತಲೇಪ ಹಚ್ಚಿ, ನಿದ್ರೆ ಮತ್ತು ಸಾವು ಎಂಬ ಅವಳಿಗಳ ಕೈಗೆ ಕೊಡುತ್ತಾನೆ. ಅವರು ಅದನ್ನು ಲಿಸಿಯಾಕ್ಕೆ ಹೊತ್ತೊಯ್ಯುತ್ತಾರೆ. ತಂದೆಗೆ ದಕ್ಕಿದ್ದು ಅಷ್ಟೇ, ಮಗನ ಶವಕ್ಕೆ ಸಂಸ್ಕಾರ.

ಪದದ ಮಾತು. ‘ಮೊಯ್ರಾ’ ಎಂದರೆ ಮೂಲದಲ್ಲಿ ಪಾಲು. ಹಂಚುವಾಗ ಒಬ್ಬನ ಭಾಗಕ್ಕೆ ಬಂದದ್ದು. ಊಟದ ಮಾಂಸದ ಪಾಲಿಗೂ ಹೋಮರ್ ಅದನ್ನೇ ಬಳಸುತ್ತಾನೆ, ಅದರ ಜೊತೆಗಾರ ಪದ ‘ಐಸ’ ಕೂಡ ಪಾಲೇ. ಮೇಷ್ಟ್ರು ಕೊಟ್ಟ ಸಾಲಿನಲ್ಲೇ ಉತ್ತರವಿದೆ ಎಂದು ನನ್ನ ಅನಿಸಿಕೆ. ಆರರಲ್ಲಿ ‘ಭಾಗಧೇಯ’, ‘ಭಾಗ್ಯ’ ಎರಡೂ ಭಾಗದಿಂದ ಬಂದವು. ಅವು ಮೊಯ್ರಾದ ಕಡೆಯವು, ವಿಧಿ ಆ ಕಡೆಯದಲ್ಲ.

ಉತ್ತರ (ಅಡಿಕೆ ಬೆಳೆಗಾರರು, ಸಾಗರ)

ಗ್ರೀಕ್ ನನಗೆ ಗೊತ್ತಿಲ್ಲ. ಹಣೆಬರಹ ಬದಲಾಗುತ್ತದೆಯೇ ಎಂಬ ಪ್ರಶ್ನೆ ಎಂದುಕೊಂಡು ಓದತೊಡಗಿದೆ, ಪಾಲಿನ ಮಾತು ಬಂದಾಗ ಬರೆಯಬೇಕೆನಿಸಿತು. ನಮ್ಮ ತಂದೆ ತೀರಿಕೊಂಡ ಮೇಲೆ ನಾವು ಮೂವರು ಅಣ್ಣತಮ್ಮಂದಿರು ಪಾಲು ಮಾಡಿಕೊಂಡೆವು. ತೋಟವನ್ನು ಮೂರು ಭಾಗ ಮಾಡಿ ಚೀಟಿ ಬರೆದು ಹಾಕಿ, ಅಕ್ಕನ ಸಣ್ಣ ಮಗನಿಂದ ಎತ್ತಿಸಿದೆವು. ಅಂಗಳ, ಬಾವಿ, ದೇವರ ಕೋಣೆ ಮೂವರಿಗೂ ಸೇರಿದ್ದೆಂದು ಪಾಲುಪಟ್ಟಿಯಲ್ಲಿ ಬರೆಸಿದೆವು. ನೀರಿನ ತಾವು ನನ್ನ ಪಾಲಿಗೆ ಬಂತು. ನಮ್ಮ ಅಣ್ಣನಿಗೆ ಅದರ ಮೇಲೆ ಆಸೆಯಿತ್ತು. ಆಗ ಎಲ್ಲ ಅವನ ಕೈಯಲ್ಲೇ ಇತ್ತು, ಬೇಲಿ ಸರಿಸಿದ್ದರೆ ಕೇಳುವ ಧೈರ್ಯ ನಮಗಿರಲಿಲ್ಲ. ಅವನು ಸರಿಸಲಿಲ್ಲ. ಒಮ್ಮೆ ಸರಿಸಿದರೆ ಬೇಲಿ ಎಂಬುದೇ ಉಳಿಯುವುದಿಲ್ಲ ಎಂದು ತಾಯಿಯ ಹತ್ತಿರ ಹೇಳಿದ್ದನಂತೆ. ಆ ಹೇರಾ ಹೇಳಿದ್ದು ಇದನ್ನೇ ಅಲ್ಲವೇ?

ಉತ್ತರ (ಗ್ರೀಕ್ ಕಲಿಸುವವರು, ಜರ್ಮನಿ)

ಸಾಗರದ ಅಣ್ಣನವರಿಗೆ ತಿಳಿಯದೆಯೇ ಅವರು ‘ಇಲಿಯಡ್’ನ 15ನೆಯ ಸರ್ಗವನ್ನು ಹೇಳಿಬಿಟ್ಟಿದ್ದಾರೆ. ಓದಿ ಮೈ ಜುಮ್ಮೆಂದಿತು.

ಅಲ್ಲಿ ಜೀಯಸ್ ತಮ್ಮನಾದ ಪೊಸೈಡಾನ್‌ಗೆ ‘ಯುದ್ಧ ಬಿಟ್ಟು ಹೊರಡು’ ಎಂದು ದೂತಿಯ ಮೂಲಕ ಹೇಳಿ ಕಳಿಸುತ್ತಾನೆ. ಪೊಸೈಡಾನ್ ಕೆರಳಿ ಹೇಳುವ ಮಾತು ಇದು: ನಾವು ಮೂವರು ಅಣ್ಣತಮ್ಮಂದಿರು, ಎಲ್ಲವನ್ನೂ ಮೂರು ಪಾಲು ಮಾಡಿ ಚೀಟಿ ಹಾಕಿದೆವು, ನನಗೆ ಸಮುದ್ರ, ಹೇಡಿಸ್‌ನಿಗೆ ಕತ್ತಲ ಲೋಕ, ಜೀಯಸ್‌ನಿಗೆ ಆಕಾಶ ಬಂತು, ಭೂಮಿ ಮತ್ತು ಒಲಿಂಪಸ್ ಮೂವರಿಗೂ ಸೇರಿದ್ದು, ಅವನೆಷ್ಟೇ ಬಲಶಾಲಿಯಾಗಿರಲಿ, ತನ್ನ ಮೂರನೆಯ ಪಾಲಿನಲ್ಲಿ ತೆಪ್ಪಗಿರಲಿ. ಈ ‘ಪಾಲಿನಲ್ಲಿ’ ಎಂಬಲ್ಲಿ ಹೋಮರ್ ಬಳಸಿದ ಪದ ‘ಮೊಯ್ರಾ’. ಸರ್ಪೆಡಾನ್‌ನ ಸಾವಿಗೆ ಬಂದ ಅದೇ ಪದ, ಒಂದು ಸರ್ಗ ಮೊದಲು, ಜೀಯಸ್‌ನ ಆಕಾಶಕ್ಕೆ ಬಂದಿದೆ. ದೇವತೆಗಳನ್ನು ಕಟ್ಟಿಹಾಕಿದ್ದು ಮೇಲೆ ಕುಳಿತ ಇನ್ನೊಬ್ಬನಲ್ಲ. ಅವರ ದೊರೆತನ ಹುಟ್ಟಿದ್ದೇ ಪಾಲಿನಿಂದ, ಪಾಲನ್ನು ಮುರಿದರೆ ತಮ್ಮ ಕಾಲ ಕೆಳಗಿನದೂ ಹೋಗುತ್ತದೆ.

‘ವಿಧಿ’ ಹೊಂದದಿರುವುದಕ್ಕೆ ಇನ್ನೊಂದು ಗುರುತಿದೆ. ವಿಧಿಯನ್ನು ಮೀರಿದರೆ ಅದು ವಿಧಿಯೇ ಆಗಿರಲಿಲ್ಲ ಎನ್ನುತ್ತೇವೆ. ಪಾಲನ್ನು ಮೀರಬಹುದು, ಒತ್ತುವರಿ ಮಾಡಬಹುದು. ಹೋಮರ್‌ನಲ್ಲಿ ‘ಪಾಲನ್ನು ಮೀರಿ’ ಎಂಬ ನುಡಿಗಟ್ಟು ಮತ್ತೆ ಮತ್ತೆ ಬರುತ್ತದೆ. 20ನೆಯ ಸರ್ಗದಲ್ಲಿ, ಗ್ರೀಕ್ ವೀರ ಅಕಿಲೀಸ್ ನಿಶ್ಚಯವಾದದ್ದನ್ನು ಮೀರಿ ಟ್ರಾಯ್ ಕೋಟೆ ಒಡೆದುಬಿಟ್ಟಾನು ಎಂದು ಜೀಯಸ್‌ನೇ ಅಂಜಿ, ದೇವತೆಗಳನ್ನು ರಣಕ್ಕೆ ಇಳಿಸುತ್ತಾನೆ. ಮೀರಲಾಗದ್ದಕ್ಕೆ ಕಾವಲು ಏಕೆ ಬೇಕು? ಸರ್ಪೆಡಾನ್ ಸತ್ತ ಸರ್ಗದಲ್ಲಿಯೇ, ಹೊತ್ತು ಇಳಿಯುವಾಗ ಅಕಿಯನ್ನರು, ಅಂದರೆ ಗ್ರೀಕರು, ‘ಐಸವನ್ನು ಮೀರಿ’ ಮೇಲುಗೈ ಪಡೆದರು ಎಂದು ಕವಿ ನೇರವಾಗಿ ಹೇಳುತ್ತಾನೆ.

ಪ್ರಶ್ನೆ (ಎಂ.ಎ. ವಿದ್ಯಾರ್ಥಿ, ಮೈಸೂರು)

ನಡುವೆ ಕೇಳುತ್ತಿರುವುದಕ್ಕೆ ಕ್ಷಮೆ ಇರಲಿ. ಜೀಯಸ್ ತನ್ನ ಸ್ವಂತ ವಿಧಿಯಿಂದ ತಪ್ಪಿಸಿಕೊಂಡಿದ್ದಾನಲ್ಲವೇ? ಸಮುದ್ರದೇವತೆ ಥೆಟಿಸ್‌ಳಲ್ಲಿ ಹುಟ್ಟುವ ಮಗ ತಂದೆಗಿಂತ ಬಲಶಾಲಿಯಾಗುತ್ತಾನೆ ಎಂದು ತಿಳಿದು, ಅವಳನ್ನು ಮನುಷ್ಯನಾದ ಪೀಲಿಯಸ್‌ನಿಗೆ ಮದುವೆ ಮಾಡಿಸಿದ. ಅವರ ಮಗ ಅಕಿಲೀಸ್. ಆದರೆ ಜೀಯಸ್‌ನ ತಂದೆ ಕ್ರೋನಸ್ ಅಂಥದೇ ಮಾತು ಕೇಳಿ ಹುಟ್ಟಿದ ಮಕ್ಕಳನ್ನೆಲ್ಲ ನುಂಗಿದರೂ ಪಾರಾಗಲಿಲ್ಲ. ಅಪ್ಪನಿಗೊಂದು ನ್ಯಾಯ, ಮಗನಿಗೊಂದು ನ್ಯಾಯವೇ?

ಉತ್ತರ (ಗ್ರೀಕ್ ಕಲಿಸುವವರು, ಜರ್ಮನಿ)

ಒಳ್ಳೆಯ ಪ್ರಶ್ನೆ. ಎರಡು ಮಾತುಗಳ ಆಕಾರ ಬೇರೆ. ಕ್ರೋನಸ್‌ನಿಗೆ ಸಿಕ್ಕ ಮಾತು ‘ಮಗನಿಂದ ಸೋಲುವೆ’ ಎಂದು; ಅದರಲ್ಲಿ ‘ಹೀಗಾದರೆ’ ಎಂಬ ಷರತ್ತು ಇಲ್ಲ. ಥೆಟಿಸ್‌ಳ ಮಾತಿನಲ್ಲಿ ಇದೆ: ಅವಳನ್ನು ಕೂಡಿದರೆ, ಮಗ ಹುಟ್ಟಿದರೆ. ಜೀಯಸ್ ಆ ಮಾತನ್ನು ಸುಳ್ಳು ಮಾಡಲಿಲ್ಲ. ಅಕಿಲೀಸ್ ತಂದೆ ಪೀಲಿಯಸ್‌ನನ್ನು ಮೀರಿಸಿಯೇ ಬೆಳೆದ. ಮಾತು ನಿಜವಾಗುವ ಜಾಗವನ್ನು ಜೀಯಸ್ ಬೇರೆ ಮನೆಗೆ ಸಾಗಿಸಿದ, ಅಷ್ಟೇ. ಅದಕ್ಕೆ ಅವನಿಗೆ ಮೊದಲೇ ಸುದ್ದಿ ತಿಳಿಯಬೇಕಿತ್ತು. ‘ಬಂಧಿತ ಪ್ರಮೀಥಿಯಸ್’ ನಾಟಕದ ಬಿಗಿಯೆಲ್ಲ ಅಲ್ಲೇ ಇದೆ: ಜೀಯಸ್‌ನನ್ನು ಕೆಡವಬಲ್ಲ ಮದುವೆ ಯಾವುದೆಂಬ ಗುಟ್ಟು ಬಂಡೆಗೆ ಕಟ್ಟಿಸಿಕೊಂಡ ಪ್ರಮೀಥಿಯಸ್‌ನ ಬಳಿಯಿದೆ. ಅವನು ಬಾಯಿ ಬಿಡುವುದಿಲ್ಲ. ತನಗೆ ನಿಶ್ಚಯವಾದ ಗತಿಯಿಂದ ಜೀಯಸ್ ಕೂಡ ಪಾರಾಗಲಾರ ಎಂದು ಅದೇ ನಾಟಕದಲ್ಲಿ ಅವನು ಹೇಳುತ್ತಾನೆ. ಅಲ್ಲಿ ನಾನಾದರೂ ‘ವಿಧಿ’ ಎಂದೇ ಬರೆಯುತ್ತೇನೆ.

ಉತ್ತರ (ನಿವೃತ್ತ ಕನ್ನಡ ಅಧ್ಯಾಪಕರು, ತುಮಕೂರು)

‘ಭಾಗಧೇಯ’ದ ಕಡೆ ನನ್ನ ಕಣ್ಣು ಹೋಗಿರಲಿಲ್ಲ, ಒಪ್ಪಿದೆ. ಹೇರಾಳ ‘ಮಾಡು’ ಎಂಬುದನ್ನು ಮಾತ್ರ ನಾನು ನಿಮ್ಮಂತೆ ಓದಲಾರೆ. ಮನೆಯಲ್ಲಿ ಹೆಂಡತಿ ಸಿಟ್ಟಿನಿಂದ ‘ಮಾಡಿ, ಮಾಡಿ’ ಎಂದರೆ ಗಂಡನಿಗೆ ಅದನ್ನು ಮಾಡುವ ಶಕ್ತಿಯಿದೆ ಎಂದು ಸಾಬೀತಾಗುವುದಿಲ್ಲ. ಜೀಯಸ್ ಒಮ್ಮೆಯಾದರೂ ಮಾಡಿ ತೋರಿಸಿದ್ದರೆ ಬೇರೆ ಮಾತು. 22ನೆಯ ಸರ್ಗದಲ್ಲಿ ಟ್ರಾಯ್‌ನ ವೀರ ಹೆಕ್ಟರ್‌ನ ವಿಷಯಕ್ಕೂ ಹೀಗೆಯೇ ಮನಸ್ಸು ಮಾಡಿ, ಅಥೀನಾಳಿಂದ ಅದೇ ಮಾತು ಕೇಳಿ, ಮತ್ತೆ ಕೈ ಬಿಡುತ್ತಾನೆ. ಆಮೇಲೆ ಬಂಗಾರದ ತಕ್ಕಡಿ ಎತ್ತಿ ಹಿಡಿದಾಗ ಹೆಕ್ಟರ್‌ನ ತಟ್ಟೆ ಕುಸಿಯುತ್ತದೆ. ಹಿಡಿದವನು ಅವನು, ಕುಸಿಸಿದವನು ಅವನೇ ಎಂದು ಕವಿ ಹೇಳಿಲ್ಲ.

ಉತ್ತರ (ಗ್ರೀಕ್ ಕಲಿಸುವವರು, ಜರ್ಮನಿ)

ಒಮ್ಮೆಯೂ ಮಾಡಲಿಲ್ಲ ಎಂಬುದು ನಿಜ. ಮಾಡಲಾರದೆಯೋ, ಮಾಡಬಾರದೆಂದೋ ಎಂಬುದನ್ನು ಕವಿ ತೆರೆದೇ ಇಟ್ಟಿದ್ದಾನೆ. ಆದ್ದರಿಂದ ಅನುವಾದದ ಪದವೂ ಅದನ್ನು ಮುಚ್ಚಬಾರದು ಎಂಬುದಷ್ಟೇ ನನ್ನ ಹಟ.

ಪ್ರಶ್ನೆ ಕೇಳಿದವರಿಂದ (ಧಾರವಾಡ)

ಎಲ್ಲರಿಗೂ ಋಣಿ. ಜೀಯಸ್‌ನ ಸಾಲನ್ನು ಹೀಗೆ ತಿದ್ದಿದ್ದೇನೆ: ‘ಅಯ್ಯೋ, ಮನುಷ್ಯರಲ್ಲೆಲ್ಲ ನನಗೆ ಅತಿ ಪ್ರಿಯನಾದ ಸರ್ಪೆಡಾನ್‌ನ ಪಾಲಿಗೆ ಪೆಟ್ರೋಕ್ಲಸ್‌ನ ಕೈಯ ಸಾವು ಬಂದಿದೆಯಲ್ಲ.’ ಪೊಸೈಡಾನ್‌ನ ಸಾಲಿನಲ್ಲೂ ‘ಪಾಲು’ ಎಂದೇ ಇಡುತ್ತೇನೆ, ಎರಡೂ ಕಡೆ ಒಂದೇ ಪದ ಕಿವಿಗೆ ಬೀಳಲಿ. ಅತ್ತೆಗೆ ಓದಿ ಹೇಳಿದೆ. ‘ಈಗ ಅವನು ಅಳುವುದು ಸರಿ’ ಎಂದರು.

ಒಂದು ತೊಡಕು ಉಳಿಯಿತು. ಮೊಯ್ರಾ ಹೆಣ್ಣಾಗಿ ಬಂದು, ಮಗು ಹುಟ್ಟಿದಾಗಲೇ ನೂಲು ನೂತಿಟ್ಟಳು ಎನ್ನುವ ಸಾಲುಗಳಿವೆ. ‘ಪಾಲು’ ನೂಲಲಾರದು. ‘ಭಾಗ್ಯದೇವತೆ’ ಎಂದರೆ ಓದುಗರಿಗೆ ಲಕ್ಷ್ಮಿ ನೆನಪಾಗುತ್ತಾಳೆ. ‘ಪಾಲಿನವಳು’ ಎಂದು ಬರೆದು, ಅಳಿಸಿ, ಮತ್ತೆ ಬರೆದಿದ್ದೇನೆ. ಬೇರೆ ಏನಾದರೂ ಹೊಳೆದರೆ ತಿಳಿಸಿ.