ಪದಚರ್ಚೆ: ‘ನಾಮಮಾತ್ರ ವೆಚ್ಚ’, ‘ವಾಸ್ತವಿಕ ವೆಚ್ಚ’ — ಇಪ್ಪತ್ತು ವರ್ಷದ ಯೋಜನೆಯಲ್ಲಿ ಈ ಪದಗಳು ನಿಲ್ಲುತ್ತವೆಯೇ?

ಪ್ರಶ್ನೆ (ಕಲಬುರಗಿಯಿಂದ, ಅನುವಾದಕಿ)

ಮಾನ್ಯರೇ,

ನಮ್ಮ ಊರಿನ ಒಂದು ಹೆಣ್ಣುಮಕ್ಕಳ ವಿದ್ಯಾರ್ಥಿನಿಲಯಕ್ಕೆ ದಾನಿಗಳು 50 ಲಕ್ಷ ರೂಪಾಯಿಯ ದತ್ತಿನಿಧಿ ಕೊಟ್ಟಿದ್ದಾರೆ. ಅದನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು, ಬರುವ ಬಡ್ಡಿಯಿಂದ ಹನ್ನೆರಡು ಮಂದಿ ವಿದ್ಯಾರ್ಥಿನಿಯರ ಊಟದ ಖರ್ಚು ನಡೆಸಬೇಕೆಂಬುದು ಉದ್ದೇಶ. ಲೆಕ್ಕಪತ್ರದವರು ಇಂಗ್ಲಿಷಿನಲ್ಲಿ ಸಿದ್ಧಪಡಿಸಿದ ಇಪ್ಪತ್ತು ವರ್ಷದ ಯೋಜನೆಯನ್ನು ಕನ್ನಡಕ್ಕೆ ತರುವ ಕೆಲಸ ನನ್ನದಾಗಿತ್ತು. ಅದರ ವೆಚ್ಚದ ಕೋಷ್ಟಕದಲ್ಲಿ ‘ನಾಮಿನಲ್’ ಮತ್ತು ‘ರಿಯಲ್’ ಎಂಬ ಎರಡು ಅಂಕಣಗಳಿದ್ದವು. ಮೊದಲನೆಯದು ಬೆಲೆ ಏರಿಕೆ ಸೇರಿ ಆಯಾ ವರ್ಷ ಕೊಡಬೇಕಾಗುವ ಹಣ, ಎರಡನೆಯದು ಅದೇ ವೆಚ್ಚವನ್ನು ಇಂದಿನ ಬೆಲೆಯಲ್ಲಿ ಹೇಳಿದ್ದು. ಅರ್ಥಶಾಸ್ತ್ರದ ಪಠ್ಯಗಳಲ್ಲಿ ಕಂಡಂತೆ ನಾನು ಅವನ್ನು ‘ನಾಮಮಾತ್ರ ವೆಚ್ಚ’, ‘ವಾಸ್ತವಿಕ ವೆಚ್ಚ’ ಎಂದು ಬರೆದೆ.

2044-45ರ ಸಾಲಿನಲ್ಲಿ ನಾಮಮಾತ್ರ ವೆಚ್ಚ 7.58 ಲಕ್ಷ, ವಾಸ್ತವಿಕ ವೆಚ್ಚ 3 ಲಕ್ಷ ಎಂದಿತ್ತು. ಸಮಿತಿಯ ಹಿರಿಯರೊಬ್ಬರು ಅದನ್ನು ಓದಿ, ‘ಏಳೂವರೆ ಲಕ್ಷ ನಾಮಮಾತ್ರ ಹ್ಯಾಂಗಾಗ್ತದ್ರೀ? ವಾಸ್ತವವಾಗಿ ಖರ್ಚಾಗೋದು ಮೂರು ಲಕ್ಷ ಅಂತ ಇಲ್ಲೇ ಬರೆದೀರಲ್ಲ’ ಎಂದರು. ಉಳಿದವರಿಗೂ ಅದೇ ಸರಿ ಎನಿಸಿತು. 7.58 ಲಕ್ಷದ ಅಂಕಣವನ್ನು ತೆಗೆದುಹಾಕಿ, ವರ್ಷಕ್ಕೆ 3 ಲಕ್ಷ ವೆಚ್ಚ, ಶೇ. 7ರ ಬಡ್ಡಿ ಎಂದು ಹೊಸ ಕೋಷ್ಟಕ ಮಾಡಿದರು. ಅದರ ಪ್ರಕಾರ ಇಪ್ಪತ್ತು ವರ್ಷದ ಕೊನೆಗೆ ನಿಧಿ 70.5 ಲಕ್ಷಕ್ಕೆ ಬೆಳೆದಿರುತ್ತದೆ. ಆ ಸಂತೋಷದಲ್ಲಿ ಇನ್ನೂ ನಾಲ್ವರು ವಿದ್ಯಾರ್ಥಿನಿಯರನ್ನು ಸೇರಿಸಿಕೊಳ್ಳುವ ಮಾತು ನಡೆದಿದೆ.

ಹಿರಿಯರು ಕನ್ನಡವನ್ನು ತಪ್ಪಾಗಿ ಓದಿದರೆಂದು ನನಗೆ ಅನಿಸುತ್ತಿಲ್ಲ, ಅವರು ಓದಿದ್ದು ಕನ್ನಡದಲ್ಲಿ ಇರುವ ಅರ್ಥವನ್ನೇ. ತಪ್ಪು ನನ್ನ ಪದಗಳಲ್ಲಿದೆ ಎಂಬ ಅನುಮಾನ ಕಾಡುತ್ತಿದೆ. ಈ ಎರಡಕ್ಕೆ ಯಾವ ಪದ ಬಳಸಬೇಕು?

ಉತ್ತರ (ಬೀದರಿನಿಂದ, ಕನ್ನಡ ಅಧ್ಯಾಪಕರು)

ತಮ್ಮ ಅನುಮಾನ ಸರಿಯಾಗಿದೆ. ‘ನಾಮಮಾತ್ರ’ ಎಂದರೆ ಹೆಸರಿಗೆ ಮಾತ್ರ ಇರುವುದು. ‘ನಾಮಮಾತ್ರ ಶುಲ್ಕ’, ‘ನಾಮಮಾತ್ರದ ಅಧ್ಯಕ್ಷ’ ಎಂಬ ಪ್ರಯೋಗಗಳಲ್ಲಿ ಅದು ಅತ್ಯಲ್ಪ ಅಥವಾ ಹುರುಳಿಲ್ಲದ್ದು ಎಂಬ ಅರ್ಥಕ್ಕೆ ಗಟ್ಟಿಯಾಗಿ ನೆಲೆಯೂರಿದೆ. ಇನ್ನು ‘ವಾಸ್ತವಿಕ’ವು ಅಂದಾಜಿಗೆ ಎದುರಾದ ಪದ. ಅಂದಾಜು ಇಷ್ಟಿತ್ತು, ವಾಸ್ತವವಾಗಿ ಖರ್ಚಾದದ್ದು ಇಷ್ಟು ಎಂದೇ ನಾವು ಹೇಳುತ್ತೇವೆ. ಹೀಗಾಗಿ ಒಂದು ಪದ ದೊಡ್ಡ ಮೊತ್ತವನ್ನು ಸಣ್ಣದೆಂದಿತು, ಇನ್ನೊಂದು ಪದ ಯಾರೂ ಎಂದೂ ಎಣಿಸಿ ಕೊಡದ ಮೊತ್ತವನ್ನು ಕೈಯಿಂದ ಹೋಗುವ ಹಣವೆಂದಿತು. ‘ನೈಜ’ ಎಂದು ಬರೆದರೂ ಇದೇ ತೊಡಕು ಬರುತ್ತದೆ.

ರಾಜ್ಯದ ಆರ್ಥಿಕ ಸಮೀಕ್ಷೆಯಲ್ಲಿ ಬರುವ ‘ಪ್ರಚಲಿತ ಬೆಲೆಗಳಲ್ಲಿ’, ‘ಸ್ಥಿರ ಬೆಲೆಗಳಲ್ಲಿ’ ಎಂಬ ಜೋಡಿ ಹೆಚ್ಚು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ನೋಟು, ನಾಣ್ಯಗಳಿಂದ ಎಲ್ಲರಿಗೂ ಪರಿಚಿತವಾದ ‘ಮುಖಬೆಲೆ’ಯನ್ನೂ ಪರಿಶೀಲಿಸಬಹುದು.

ಉತ್ತರ (ಯಾದಗಿರಿಯಿಂದ, ನಿವೃತ್ತ ಶಿಕ್ಷಕಿ)

ತಾವು ಕೇಳಿದ್ದು ಶೇ. 7ರ ಬಡ್ಡಿ ಸಾಲುತ್ತದೆಯೇ ಎಂದು ತಿಳಿದು ಬರೆಯುತ್ತಿದ್ದೇನೆ. ಸಾಲುವುದಿಲ್ಲ. ನನ್ನ ಪಿಂಚಣಿಗೆ ವರ್ಷಕ್ಕೆ ಎರಡು ಸಲ ತುಟ್ಟಿಭತ್ಯೆಯ ಪರಿಷ್ಕರಣೆ ಇರುವುದರಿಂದ ನಾನು ಹೇಗೋ ನಡೆಸುತ್ತಿದ್ದೇನೆ. ನನ್ನ ಯಜಮಾನರು ಖಾಸಗಿ ಕೆಲಸದಲ್ಲಿದ್ದವರು, ಅವರು ಕೊಂಡಿದ್ದ ವರ್ಷಾಶನದಿಂದ ತಿಂಗಳಿಗೆ 4,000 ರೂಪಾಯಿ ಬರುತ್ತದೆ. ಅದು ಶುರುವಾದ ದಿನ ಎಷ್ಟಿತ್ತೋ ಇವತ್ತಿಗೂ ಅಷ್ಟೇ ಇದೆ. ಮೊದಮೊದಲು ಅದರಲ್ಲಿ ತಿಂಗಳ ಕಿರಾಣಿ ಪೂರ್ತಿ ಬರುತ್ತಿತ್ತು, ಈಗ ಎಣ್ಣೆ, ತೊಗರಿಬೇಳೆ, ಜೋಳ ತಂದರೆ ರೊಕ್ಕ ಖಾಲಿ. ಠೇವಣಿಗೆ ತುಟ್ಟಿಭತ್ಯೆ ಯಾರೂ ಕೊಡುವುದಿಲ್ಲ ಎಂಬುದನ್ನು ಸಮಿತಿಯವರಿಗೆ ತಿಳಿಸಿರಿ.

ಉತ್ತರ (ಸೇಡಂನಿಂದ, ಸಹಕಾರಿ ಬ್ಯಾಂಕಿನ ಸಿಬ್ಬಂದಿ)

ಪದ ಯಾವುದಾದರೂ ಇರಲಿ, ಲೆಕ್ಕ ಸುಲಭವಿದೆ. ಬಡ್ಡಿ ಶೇ. 7, ಬೆಲೆ ಏರಿಕೆ ಶೇ. 5 ಎಂದರೆ ನಿಜವಾದ ಬಡ್ಡಿ ಶೇ. 2 ಮಾತ್ರ. ನಿಧಿಗೆ ಶೇ. 2ರಂತೆ ಬಡ್ಡಿ ಹಾಕಿ, ವೆಚ್ಚವನ್ನು ವರ್ಷವರ್ಷ ಶೇ. 5ರಂತೆ ಏರಿಸುತ್ತ ಹೋಗಿ. ನಾನು ಮಾಡಿ ನೋಡಿದೆ, ನಿಧಿ 14ನೆಯ ವರ್ಷಕ್ಕೇ ಮುಗಿಯುತ್ತದೆ. ಯೋಜನೆಯನ್ನೇ ಕೈಬಿಡುವುದು ಒಳ್ಳೆಯದು.

ಉತ್ತರ (ಕಲಬುರಗಿಯಿಂದ, ನಿವೃತ್ತ ಲೆಕ್ಕಪರಿಶೋಧಕರು)

ಸೇಡಂನ ಮಿತ್ರರ ಮಾತಿನ ಮೊದಲರ್ಧವನ್ನು ಒಪ್ಪುತ್ತೇನೆ. ಆದರೆ ಅವರು ಒಂದೇ ಬೆಲೆ ಏರಿಕೆಯನ್ನು ಎರಡು ಕಡೆ ಹಿಡಿದಿದ್ದಾರೆ. ಬಡ್ಡಿಯಿಂದ ಶೇ. 5 ಕಳೆದ ಮೇಲೆ ವೆಚ್ಚವನ್ನು ಇಂದಿನ 3 ಲಕ್ಷದಲ್ಲೇ ನಿಲ್ಲಿಸಬೇಕು, ವೆಚ್ಚವನ್ನು ಏರಿಸುವುದಾದರೆ ಬಡ್ಡಿಯನ್ನು ಶೇ. 7 ಆಗಿಯೇ ಬಿಡಬೇಕು. ಸಮಿತಿಯವರ ತಪ್ಪು ಇದಕ್ಕೆ ಸರಿಯಾಗಿ ವಿರುದ್ಧ ದಿಕ್ಕಿನದು, ಅವರು ಬೆಲೆ ಏರಿಕೆಯನ್ನು ಎಲ್ಲಿಯೂ ಹಿಡಿದಿಲ್ಲ. ಬಡ್ಡಿಯೆಂಬುದು ಮುಂದೆ ಕೈಗೆ ಬರುವ ರೊಕ್ಕ, 3 ಲಕ್ಷವೆಂಬುದು ಇಂದಿನ ಪೇಟೆಯ ಧಾರಣೆ. ಒಂದನ್ನು ಸೇರಿನಲ್ಲಿ, ಇನ್ನೊಂದನ್ನು ಕಿಲೋದಲ್ಲಿ ಅಳೆದು ಕಳೆದಂತಾಗಿದೆ.

ಠೇವಣಿ ವರ್ಷದ ಆರಂಭದಲ್ಲಿ, ವೆಚ್ಚ ವರ್ಷದ ಕೊನೆಯಲ್ಲಿ ಎಂದಿಟ್ಟುಕೊಂಡು, ಎರಡನ್ನೂ ಆಯಾ ವರ್ಷದ ರೂಪಾಯಿಯಲ್ಲೇ ಹಿಡಿದು ನಾನು ಲೆಕ್ಕ ಹಾಕಿದ್ದೇನೆ. ಮೊದಲ ವರ್ಷ 3.5 ಲಕ್ಷ ಬಡ್ಡಿ ಬಂದು 3 ಲಕ್ಷ ಖರ್ಚಾಗಿ, ನಿಧಿ 50.5 ಲಕ್ಷವಾಗುತ್ತದೆ. ನಾಲ್ಕು ವರ್ಷ ಹೀಗೆ ಸ್ವಲ್ಪ ಸ್ವಲ್ಪ ಬೆಳೆದು 51.2 ಲಕ್ಷಕ್ಕೆ ಬಂದು ನಿಲ್ಲುತ್ತದೆ. ಐದನೆಯ ವರ್ಷ ಬಡ್ಡಿ 3.59 ಲಕ್ಷ, ವೆಚ್ಚ 3.65 ಲಕ್ಷ. ಅಂದಿನಿಂದ ಅಸಲು ಕರಗತೊಡಗುತ್ತದೆ. ಇಪ್ಪತ್ತನೆಯ ವರ್ಷದ ಕೊನೆಗೆ ಉಳಿಯುವುದು 70.5 ಲಕ್ಷವಲ್ಲ, 11 ಲಕ್ಷ, ಮತ್ತು 22ನೆಯ ವರ್ಷದ ಊಟಕ್ಕೆ ಅದೂ ಸಾಲುವುದಿಲ್ಲ. ನನ್ನ ಭಯ ಆ ಮೊದಲ ನಾಲ್ಕು ವರ್ಷಗಳದ್ದು. ನಿಧಿ ಬೆಳೆಯುತ್ತಿರುವುದು ಪಾಸ್‌ಬುಕ್ಕಿನಲ್ಲಿ ಕಾಣುತ್ತಿರುವಾಗ ಯಾರೂ ಎಚ್ಚರವಾಗುವುದಿಲ್ಲ, ಆ ಹೊತ್ತಿಗೇ ಇನ್ನೂ ನಾಲ್ವರನ್ನು ಸೇರಿಸಿಕೊಂಡಿರುತ್ತಾರೆ.

ಒಳಗಿನ ಕಾರಣವನ್ನು ಹೀಗೆ ಹೇಳಬಹುದು. ಮೊದಲ ವರ್ಷದ 3.5 ಲಕ್ಷ ಬಡ್ಡಿಯಲ್ಲಿ 2.5 ಲಕ್ಷವನ್ನು ಅಸಲಿಗೇ ಮರಳಿ ಸೇರಿಸಿದರೆ ಮಾತ್ರ 50 ಲಕ್ಷದ ಕೊಳ್ಳುವ ಶಕ್ತಿ ಮೊದಲಿದ್ದಷ್ಟೇ ಉಳಿಯುತ್ತದೆ. ಖರ್ಚು ಮಾಡಲು ನ್ಯಾಯವಾಗಿ ಉಳಿಯುವುದು 1 ಲಕ್ಷ. ವರ್ಷಕ್ಕೆ 3 ಲಕ್ಷದ ಊಟವನ್ನು ಕೊನೆಯಿಲ್ಲದಂತೆ ನಡೆಸಬೇಕಾದರೆ ಇದೇ ದರಗಳಲ್ಲಿ ಒಂದೂವರೆ ಕೋಟಿಯ ನಿಧಿ ಬೇಕು. ಅಂದಮಾತ್ರಕ್ಕೆ ಯೋಜನೆಯನ್ನು ಕೈಬಿಡಬೇಕಿಲ್ಲ. ಇದು ಶಾಶ್ವತ ದತ್ತಿಯಲ್ಲ, ಇಪ್ಪತ್ತೊಂದು ವರ್ಷ ನಡೆಯುವ ದತ್ತಿ ಎಂದು ತಿಳಿದು ನಡೆಸಿದರೆ ಸಾಕು.

ಇಲ್ಲಿ ಬೆಲೆ ಏರಿಕೆ ಶೇ. 5 ಎಂಬುದು ಬರೀ ಊಹೆ. ರಿಸರ್ವ್ ಬ್ಯಾಂಕಿಗೆ ನಿಗದಿಯಾದ ಬೆಲೆ ಏರಿಕೆಯ ಗುರಿ ಶೇ. 4, ಆಚೀಚೆ ಎರಡು ಅಂಶಗಳ ಅವಕಾಶವಿದೆ. ಶೇ. 4 ಹಿಡಿದರೆ ಇಪ್ಪತ್ತು ವರ್ಷದ ಕೊನೆಗೆ 25.6 ಲಕ್ಷ ಉಳಿಯುತ್ತದೆ, ಶೇ. 6 ಹಿಡಿದರೆ 20ನೆಯ ವರ್ಷದಲ್ಲೇ ನಿಧಿ ಮುಗಿಯುತ್ತದೆ. ಶೇ. 7ರ ಬಡ್ಡಿಯೂ ಇಪ್ಪತ್ತು ವರ್ಷಕ್ಕೆ ಖಾತ್ರಿಯಲ್ಲ, ಬ್ಯಾಂಕುಗಳು ಸಾಮಾನ್ಯವಾಗಿ ಹತ್ತು ವರ್ಷಕ್ಕಿಂತ ಹೆಚ್ಚಿನ ಮುದ್ದತಿಗೆ ಠೇವಣಿ ಇರಿಸಿಕೊಳ್ಳುವುದಿಲ್ಲ. 2020-21ರಲ್ಲಿ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರ ಶೇ. 4ಕ್ಕೆ ಇಳಿದಿತ್ತು, ಗ್ರಾಹಕ ಬೆಲೆಗಳ ಏರಿಕೆ ಶೇ. 6ನ್ನು ದಾಟಿತ್ತು. ಠೇವಣಿಯ ನವೀಕರಣ ಅಂಥ ವರ್ಷದಲ್ಲಿ ಬಂದರೆ ಈ ಕೋಷ್ಟಕ ಉಳಿಯುವುದಿಲ್ಲ. ಆದ್ದರಿಂದ ಒಂದೇ ಅಂಕಿಯ ಬದಲು ಶೇ. 4, 5, 6ರ ಈ ಮೂರು ಲೆಕ್ಕಗಳನ್ನೂ ಸಮಿತಿಯ ಮುಂದಿಡಿ.

ಈಗ ಪದದ ಮಾತು. ಬೀದರಿನ ಅಧ್ಯಾಪಕರು ಕ್ಷಮಿಸಬೇಕು, ‘ಪ್ರಚಲಿತ ಬೆಲೆ’ ಹಿಂದಿನ ವರ್ಷಗಳ ಅಂಕಿಅಂಶಕ್ಕೆ ಸರಿ, ಮುಂದಿನ ವರ್ಷಗಳಿಗೆ ಅಪಾಯಕಾರಿ. 2044-45ರ ಸಾಲಿನಲ್ಲಿ ‘ಪ್ರಚಲಿತ ಬೆಲೆಯಲ್ಲಿ’ ಎಂದು ಬರೆದರೆ ಲೆಕ್ಕಿಗರಿಗೆ ಅದು 2044-45ರ ಬೆಲೆ, ಓದುಗರಿಗೆ ಇವತ್ತು ಪೇಟೆಯಲ್ಲಿ ನಡೆಯುತ್ತಿರುವ ಬೆಲೆ. ಅರ್ಥ ಸಂಪೂರ್ಣ ತಿರುಗಿಬೀಳುತ್ತದೆ. ‘ಸ್ಥಿರ ಬೆಲೆ’ ಎಂದರೆ ಬೆಲೆ ಏರುವುದೇ ಇಲ್ಲವೆಂದು ಭರವಸೆ ಕೊಟ್ಟಂತಾಗುತ್ತದೆ. ‘ಮುಖಬೆಲೆ’ ನೋಟಿಗೆ, ಬಾಂಡಿಗೆ ಉಂಟು, ಖರ್ಚಿಗೆ ಮುಖವೆಲ್ಲಿದೆ? ನನ್ನ ಸೂಚನೆ ಇಷ್ಟೆ: ಗುಣವಾಚಕವನ್ನು ಬಿಟ್ಟು ವರ್ಷವನ್ನೇ ಬರೆಯಿರಿ. ಒಂದು ಅಂಕಣಕ್ಕೆ ‘ಆಯಾ ವರ್ಷ ಕೊಡಬೇಕಾಗುವ ರೂಪಾಯಿ’, ಇನ್ನೊಂದಕ್ಕೆ ‘2025-26ರ ಬೆಲೆಯಲ್ಲಿ’.

ಮರುಉತ್ತರ (ಬೀದರಿನಿಂದ, ಕನ್ನಡ ಅಧ್ಯಾಪಕರು)

‘ಪ್ರಚಲಿತ’ದ ಬಗ್ಗೆ ಹೇಳಿದ್ದು ನನಗೆ ಹೊಳೆದಿರಲಿಲ್ಲ, ಒಪ್ಪಿದೆ. ಆದರೆ ವರ್ಷ ನಮೂದಿಸುವುದು ಕೋಷ್ಟಕದ ತಲೆಬರಹಕ್ಕೆ ಸಾಕಾಗುತ್ತದೆಯೇ ಹೊರತು, ಬಡ್ಡಿದರಕ್ಕೆ ಹೊಂದುವುದಿಲ್ಲ. ಶೇ. 2ರ ಆ ಬಡ್ಡಿಯನ್ನು ಏನೆಂದು ಕರೆಯುವುದು? ಯಾದಗಿರಿಯ ಶಿಕ್ಷಕಿಯವರು ಬೇರೆ ಪ್ರಶ್ನೆಗೆ ಉತ್ತರಿಸಿದಂತೆ ಕಂಡರೂ ನಮಗೆ ಬೇಕಾದ ಪದ ಅವರ ಪತ್ರದಲ್ಲೇ ಇದೆ. ‘ತುಟ್ಟಿ’ ಎಂಬುದು ನಮ್ಮ ಭಾಗದಲ್ಲಿ ದಿನವೂ ಆಡುವ ಮಾತು, ತುಟ್ಟಿಭತ್ಯೆಯ ಮೂಲಕ ಸರ್ಕಾರಿ ಆದೇಶಗಳಲ್ಲೂ ನಿಂತಿರುವ ಮಾತು. ಶೇ. 7 ‘ಬ್ಯಾಂಕು ಕೊಡುವ ಬಡ್ಡಿ’, ಶೇ. 2 ‘ತುಟ್ಟಿ ಕಳೆದ ಬಡ್ಡಿ’ ಎಂದರೆ ಹೇಗೆ?

ಮರುಉತ್ತರ (ಸೇಡಂನಿಂದ)

ನನ್ನ ಲೆಕ್ಕದ ತಪ್ಪು ತಿಳಿಯಿತು. ಆದರೆ ಬ್ಯಾಂಕಿಗೆ ಬರುವವರ ಮುಂದೆ ‘ತುಟ್ಟಿ ಕಳೆದ ಬಡ್ಡಿ’ ಎಂದರೆ, ನಾವೇ ಏನನ್ನೋ ಮುರಿದುಕೊಂಡೆವೆಂದು ಭಾವಿಸುತ್ತಾರೆ. ತೆರಿಗೆ ಕಳೆದ ಬಡ್ಡಿ ಎಂದು ಈಗಾಗಲೇ ಹೇಳುತ್ತಿದ್ದೇವೆ, ಅದರ ಜೊತೆ ಇದು ಬೆರೆಯುತ್ತದೆ.

ಮರುಉತ್ತರ (ಅನುವಾದಕಿ)

ಎಲ್ಲರಿಗೂ ಋಣಿಯಾಗಿದ್ದೇನೆ. ಲೆಕ್ಕಪರಿಶೋಧಕರು ಸೂಚಿಸಿದ ತಲೆಬರಹಗಳನ್ನು ಹಾಕಿ, ತೆಗೆದುಹಾಕಿದ್ದ ಅಂಕಣವನ್ನು ಮರಳಿ ಸೇರಿಸಿ, ಮೂರು ದರಗಳ ಲೆಕ್ಕದೊಂದಿಗೆ ಕೋಷ್ಟಕವನ್ನು ನಿನ್ನೆ ಸಮಿತಿಗೆ ಕೊಟ್ಟೆ. ಮೊದಲು ಪ್ರಶ್ನಿಸಿದ ಹಿರಿಯರೇ 2029-30ರ ಸಾಲಿನ ಮೇಲೆ ಬೆರಳಿಟ್ಟು, ‘ಇಲ್ಲಿಂದ ಗಂಟು ಕರಗ್ತದ’ ಎಂದು ಉಳಿದವರಿಗೆ ವಿವರಿಸಿದರು. ನಾಲ್ವರನ್ನು ಸೇರಿಸಿಕೊಳ್ಳುವ ನಿರ್ಧಾರವನ್ನು ಮುಂದಕ್ಕೆ ಹಾಕಿದ್ದಾರೆ.

ಬಡ್ಡಿಯ ಪದ ಮಾತ್ರ ಇನ್ನೂ ಕೂಡಿಬಂದಿಲ್ಲ. ‘ತುಟ್ಟಿ ಕಳೆದ ಬಡ್ಡಿ’ ನನಗೆ ಇಷ್ಟವಾಗಿದೆ, ಸೇಡಂನವರ ಆಕ್ಷೇಪಣೆಯೂ ಸರಿಯೆನಿಸುತ್ತದೆ. ಸದ್ಯಕ್ಕೆ ‘ಬೆಲೆ ಏರಿಕೆಯನ್ನು ಮೀರಿ ಉಳಿಯುವ ಬಡ್ಡಿ’ ಎಂದು ಬರೆದಿದ್ದೇನೆ. ಉದ್ದವಾಯಿತು. ಬಡ್ಡಿಗಿಂತ ಬೆಲೆ ಏರಿಕೆಯೇ ಹೆಚ್ಚಾದ ವರ್ಷದಲ್ಲಿ ‘ಉಳಿಯುವ’ ಎಂಬ ಮಾತೂ ಸುಳ್ಳಾಗುತ್ತದೆ. ಇದಕ್ಕಿಂತ ಚಿಕ್ಕದಾದ, ಸೊನ್ನೆಗಿಂತ ಕೆಳಗೆ ಇಳಿದಾಗಲೂ ನಿಲ್ಲುವ ಪದ ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿರಿ. ಕೋಷ್ಟಕ ಇನ್ನೂ ಅಚ್ಚಿಗೆ ಹೋಗಿಲ್ಲ.